ಸಾಹಿತ್ಯ ಸಂಘದಲ್ಲಿ ‘ಕರ್ವಾಲೊ’ ಕುರಿತು ಐದು ನಿಮಿಷ: ಭಾಷಣ ಸಿದ್ಧಪಡಿಸುವ ಕ್ರಮ

ಶಾಲೆಯ ಸಾಹಿತ್ಯ ಸಂಘದಲ್ಲಿ ‘ನನ್ನ ಮೆಚ್ಚಿನ ಕಾದಂಬರಿ’ ಎಂದು ಮಾತಾಡಬೇಕಾಗಿ ಬಂದ ಮಕ್ಕಳೂ ಅವರನ್ನು ತಯಾರು ಮಾಡುವ ಶಿಕ್ಷಕರೂ ಹೆಚ್ಚುಕಮ್ಮಿ ಒಂದೇ ಮಾತು ಕೇಳುತ್ತಾರೆ. ಕಥೆ ಎಷ್ಟು ಹೇಳಬೇಕು? ಲೇಖಕರ ಪರಿಚಯ ಬೇಕೇ? ಅದಕ್ಕಿಂತ ಹೆಚ್ಚಾಗಿ, ‘ಕಾದಂಬರಿ ಕೇಳುವ ಮುಖ್ಯ ಪ್ರಶ್ನೆ ಏನು, ಹೇಳು’ ಎಂದರೆ ಏನು ಹೇಳುವುದು? ಇದನ್ನು ಯಾವುದೋ ಒಂದು ಪುಸ್ತಕ ಎಂದುಕೊಂಡು ವಿವರಿಸಿದರೆ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನೇ ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಒಂದು ಭಾಷಣ ಕಟ್ಟೋಣ. 1980ರಲ್ಲಿ ಬಂದ ಈ ಕಾದಂಬರಿ ಗಾತ್ರದಲ್ಲಿ ಚಿಕ್ಕದು. ಎಂಟು, ಒಂಬತ್ತನೇ ತರಗತಿಯವರು ಯಾರ ಸಹಾಯವೂ ಇಲ್ಲದೆ ಓದಬಹುದು. ಅದು ಎತ್ತುವ ಪ್ರಶ್ನೆ ಮಾತ್ರ ದೊಡ್ಡವರನ್ನೂ ಯೋಚನೆಗೆ ಹಚ್ಚುತ್ತದೆ.

ಬೇಕಾದದ್ದು ಇಷ್ಟು: ಕಾದಂಬರಿಯ ಪ್ರತಿ, ಒಂದು ಪೆನ್ಸಿಲ್, ಅಂಚೆ ಕಾರ್ಡಿನ ಅಳತೆಯ ನಾಲ್ಕು ರಟ್ಟು, ಸಮಯ ನೋಡಲು ಒಂದು ಮೊಬೈಲ್. ಜೊತೆಗೆ ಹತ್ತು ದಿನದ ಬಿಡುವು. ಭಾಷಣದ ಹಿಂದಿನ ರಾತ್ರಿ ಬರೆಯಲು ಕೂತರೆ ಗೈಡಿನ ಸಾಲುಗಳಷ್ಟೇ ನೆನಪಿಗೆ ಬರುತ್ತವೆ.

1. ಎರಡು ಸಲ ಓದಿ, ಎರಡನೇ ಸಲ ಒಬ್ಬನನ್ನೇ ಹಿಂಬಾಲಿಸಿ

ಮೊದಲನೇ ಓದು ಕಥೆಗಾಗಿ. ಆಗ ಪೆನ್ಸಿಲ್ ಮುಟ್ಟಬೇಡಿ. ಎರಡನೇ ಓದಿನಲ್ಲಿ ಮಂದಣ್ಣ ಎಂಬ ಒಬ್ಬನನ್ನು ಮಾತ್ರ ಹಿಂಬಾಲಿಸಿ. ಅವನ ಬಗ್ಗೆ ಯಾರಾದರೂ ಅಭಿಪ್ರಾಯ ಹೇಳಿದ ಕಡೆಯೆಲ್ಲ ಅಂಚಿನಲ್ಲಿ ಒಂದು ಗೆರೆ ಹಾಕಿ. ಶಾಲೆಯ ಗ್ರಂಥಾಲಯದ ಪ್ರತಿಯಾದರೆ ಗೆರೆ ಬೇಡ, ಪುಟದ ಸಂಖ್ಯೆಯನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ಓದಿ ಮುಗಿಸಿದ ಮೇಲೆ ಒಂದು ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ಎಡಕ್ಕೆ ‘ಊರಿನವರಿಗೆ ಕಂಡ ಮಂದಣ್ಣ’, ಬಲಕ್ಕೆ ‘ಕರ್ವಾಲೊಗೆ ಕಂಡ ಮಂದಣ್ಣ’ ಎಂದು ಬರೆಯಿರಿ. ಎಡಗಡೆ ತುಂಬುವುದು ಸುಲಭ. ಅವನು ಪೆದ್ದ, ಕೆಲಸವಿಲ್ಲದವನು, ಒಂದು ನೌಕರಿಗಾಗಿಯೂ ಮದುವೆಗಾಗಿಯೂ ಒದ್ದಾಡುವವನು. ಬಲಗಡೆ ಬೇರೆಯೇ ಮನುಷ್ಯ ಇದ್ದಾನೆ. ಜೇನಿನ ವಿಷಯ ಬಲ್ಲವನು, ಕಾಡಿನಲ್ಲಿ ಬೇರೆಯವರು ದಾಟಿ ಹೋಗುವುದನ್ನು ನಿಂತು ನೋಡುವವನು, ಹಾರುವ ಓತಿಯನ್ನು ಕಣ್ಣಾರೆ ಕಂಡವನು. ಕರ್ವಾಲೊ ಎಂಬ ವಿಜ್ಞಾನಿ ಇವನ ಬೆನ್ನು ಹತ್ತಿರುವುದು ಅದಕ್ಕೇ.

ಇನ್ನೊಬ್ಬರು ಈ ಎರಡು ಸಾಲುಗಳ ನಡುವೆ ನಿಂತಿದ್ದಾರೆ. ಅವರು ಕಥೆ ಹೇಳುವವರು. ಮೊದಮೊದಲು ಅವರು ಊರಿನವರ ಪಕ್ಕದಲ್ಲೇ ಇದ್ದಾರೆ. ಇಷ್ಟು ಓದಿದ ವಿಜ್ಞಾನಿಗೆ ಈ ಮಂದಣ್ಣನಲ್ಲಿ ಏನು ಕೆಲಸ ಎಂದು ಅವರಿಗೆ ಅರ್ಥವಾಗುವುದಿಲ್ಲ. ಬರಬರುತ್ತಾ ಅವರು ಬಲಗಡೆಗೆ ಸರಿಯುತ್ತಾರೆ. ಈ ಸರಿಯುವಿಕೆಯನ್ನು ಮೂರು ಪುಟಗಳಲ್ಲಿ ಗುರುತಿಸಿಕೊಂಡರೆ ಭಾಷಣದ ಅರ್ಧ ಕೆಲಸ ಆಯಿತು.

2. ಪ್ರಶ್ನೆಯನ್ನು ರೂಪಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ವಿಷಯ, ನೀತಿ, ಪ್ರಶ್ನೆ ಈ ಮೂರೂ ಬೇರೆ ಬೇರೆ. ‘ವಿಕಾಸವಾದ’ ಒಂದು ವಿಷಯ. ಜೀವಿಗಳು ಕಾಲಕಾಲಕ್ಕೆ ಬದಲಾಗುತ್ತಾ ಬಂದಿವೆ ಎಂಬ ತಿಳಿವಳಿಕೆಗೆ ಆ ಹೆಸರು. ಅದು ಕಾದಂಬರಿಯಲ್ಲಿ ಇದೆ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ಏನನ್ನೂ ಕೇಳಿದಂತಾಗಲಿಲ್ಲ. ‘ಪರಿಸರವನ್ನು ಉಳಿಸಬೇಕು’ ಎನ್ನುವುದು ನೀತಿ. ಯಾರೂ ಅದನ್ನು ಅಲ್ಲಗಳೆಯುವುದಿಲ್ಲ, ಹಾಗಾಗಿ ಅದರ ಮೇಲೆ ಮಾತು ಬೆಳೆಯುವುದೂ ಇಲ್ಲ. ಪ್ರಶ್ನೆ ಎಂದರೆ ಕಾದಂಬರಿಯೊಳಗೇ ಎರಡು ಪ್ರಾಮಾಣಿಕ ಉತ್ತರಗಳು ಎದುರುಬದುರು ನಿಂತಿರುವ ಜಾಗ.

‘ಕರ್ವಾಲೊ’ಗೆ ಪ್ರಶ್ನೆ ಹುಡುಕುವ ಬಗೆ ನೋಡಿ. ಮೊದಲ ಪ್ರಯತ್ನದಲ್ಲಿ ಬರುವುದು ‘ಜ್ಞಾನ ಎಂದರೇನು?’ ಇದು ತೀರಾ ದೊಡ್ಡದು. ಇದನ್ನು ಯಾವ ಪುಸ್ತಕಕ್ಕಾದರೂ ಅಂಟಿಸಬಹುದು, ಐದು ನಿಮಿಷದಲ್ಲಿ ಅದರ ಬಾಗಿಲನ್ನೂ ಮುಟ್ಟಲಾಗದು. ಎರಡನೇ ಪ್ರಯತ್ನದಲ್ಲಿ ‘ಮಂದಣ್ಣ ಪೆದ್ದನೋ ಜಾಣನೋ?’ ಎಂದು ಬರುತ್ತದೆ. ಇದು ತೀರಾ ಚಿಕ್ಕದು. ‘ಜಾಣ’ ಎಂದು ಎಲ್ಲರೂ ಕೂಗಿದರೆ ಮುಗಿಯಿತು. ಈಗ ನಿಮ್ಮ ಎರಡು ಸಾಲಿನ ಹಾಳೆಯನ್ನು ಮತ್ತೆ ನೋಡಿ. ಮಂದಣ್ಣ ಇಲ್ಲದಿದ್ದರೆ ಕರ್ವಾಲೊಗೆ ಹಾರುವ ಓತಿಯ ಸುಳಿವೇ ಸಿಗುತ್ತಿರಲಿಲ್ಲ. ಕರ್ವಾಲೊ ಇಲ್ಲದಿದ್ದರೆ ಮಂದಣ್ಣನಿಗೆ ತಾನು ಕಂಡದ್ದು ಎಂಥ ಅಪರೂಪದ್ದು ಎಂಬುದೇ ತಿಳಿಯುತ್ತಿರಲಿಲ್ಲ. ಅಲ್ಲಿಂದ ಮೂರನೇ ಪ್ರಯತ್ನ ಹುಟ್ಟುತ್ತದೆ:

‘ಓತಿಯನ್ನು ಕಂಡವನು ಮಂದಣ್ಣ, ಅದರ ಬೆಲೆ ತಿಳಿದವರು ಕರ್ವಾಲೊ. ಹಾಗಾದರೆ ಓತಿಯ ಬಗ್ಗೆ ನಿಜವಾಗಿ ಗೊತ್ತಿರುವುದು ಯಾರಿಗೆ?’

ಇದನ್ನು ಮೂರು ರೀತಿಯಲ್ಲಿ ಪರೀಕ್ಷಿಸಿ. ಪಾತ್ರಗಳ ಹೆಸರು ತೆಗೆದರೆ ಪ್ರಶ್ನೆ ಕುಸಿಯಬೇಕು. ಇದು ಕುಸಿಯುತ್ತದೆ, ಅಂದರೆ ಇದು ಈ ಕಾದಂಬರಿಯದೇ ಪ್ರಶ್ನೆ. ಕಾದಂಬರಿ ಓದದ ಗೆಳೆಯನಿಗೆ ಹೇಳಿದರೆ ಅವನು ‘ಅದು ಹೇಗೆ?’ ಎಂದು ತಿರುಗಿ ಕೇಳಬೇಕು. ಎರಡು ಉತ್ತರಕ್ಕೂ ಒಂದೊಂದು ಪುಟವನ್ನಾದರೂ ನೀವು ತೆರೆದು ತೋರಿಸುವಂತಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಪ್ರಶ್ನೆಯನ್ನು ತಿದ್ದಿ ಬರೆಯಿರಿ. ನಾಲ್ಕೈದು ಸಲ ತಿದ್ದಬೇಕಾಗುವುದು ಸಹಜ.

ಇದೊಂದೇ ಪ್ರಶ್ನೆ ಎಂದೇನಲ್ಲ. ಬೇರೆ ಓದುಗರಿಗೆ ಈ ಕಾದಂಬರಿ ಕಾಲದ ಬಗ್ಗೆ, ನಿಸರ್ಗದ ರಹಸ್ಯದ ಬಗ್ಗೆ ಕೇಳುತ್ತದೆ ಎನಿಸಬಹುದು. ಆದರೆ ಶಾಲೆಯ ಸಭೆಯಲ್ಲಿ ಕೂತವರಿಗೆ ಮಂದಣ್ಣನ ಪ್ರಶ್ನೆ ಹೆಚ್ಚು ಹತ್ತಿರದ್ದು ಎಂಬುದು ನನ್ನ ಅಭಿಪ್ರಾಯ. ಅಂಕದಲ್ಲಿ ಹಿಂದೆ ಬಿದ್ದು, ಹೊಲ ತೋಟದ ಕೆಲಸದಲ್ಲಿ ಎಲ್ಲರನ್ನೂ ಮೀರಿಸುವ ಹುಡುಗರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ಹೆಸರನ್ನಂತೂ ಭಾಷಣದಲ್ಲಿ ಎತ್ತಬೇಡಿ. ಎತ್ತದೆಯೇ ಅದು ತಲುಪುತ್ತದೆ.

3. ಪದಗಳ ಲೆಕ್ಕ ಹಾಕಿ

ಕನ್ನಡದ ಪದಗಳು ಉದ್ದ. ವಿಭಕ್ತಿ ಪ್ರತ್ಯಯವೆಲ್ಲ ಪದಕ್ಕೇ ಅಂಟಿಕೊಂಡಿರುತ್ತದೆ. ಹಿಂದಿನ ಬೆಂಚಿಗೂ ತಿಳಿಯುವ ಹಾಗೆ ಮಾತಾಡಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಪದ ಸಾಗುತ್ತದೆ. ಐದು ನಿಮಿಷಕ್ಕೆ 400 ಪದ ಸಾಕು. ನಿಮ್ಮ ವೇಗ ತಿಳಿಯಲು ಕಾದಂಬರಿಯ ಯಾವುದಾದರೂ ಪುಟವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿ, ಓದಿದ ಪದಗಳನ್ನು ಎಣಿಸಿ.

ಈ 400ನ್ನು ಹೀಗೆ ಹಂಚಿ: ಸಂಬೋಧನೆಗೆ 15, ಆರಂಭಕ್ಕೆ 50, ಕಥೆಗೆ 100, ಒಂದು ಸನ್ನಿವೇಶಕ್ಕೆ 90, ಪ್ರಶ್ನೆ ಮತ್ತು ಅದರ ಎರಡು ಉತ್ತರಕ್ಕೆ 110, ಮುಕ್ತಾಯಕ್ಕೆ 35. ಕಥೆಗಿಂತ ಪ್ರಶ್ನೆಗೆ ಹೆಚ್ಚು ಜಾಗ ಸಿಕ್ಕಿರುವುದನ್ನು ಗಮನಿಸಿ. ಕಥೆಗೆ 250 ಪದ ಹೋದ ಭಾಷಣದಲ್ಲಿ ಪ್ರಶ್ನೆ ಕೊನೆಯ ಅರ್ಧ ನಿಮಿಷದಲ್ಲಿ, ಗಂಟೆ ಬಾರಿಸುವ ಹೊತ್ತಿಗೆ ಬರುತ್ತದೆ. ಆಗ ಅದು ಯಾರ ಕಿವಿಗೂ ಬೀಳುವುದಿಲ್ಲ.

4. ಕಥೆಯನ್ನು ಏಳು ವಾಕ್ಯದಲ್ಲಿ ಹೇಳಿ, ಕಾಡಿನ ಅಂಚಿನಲ್ಲಿ ನಿಲ್ಲಿಸಿ

ಸಭೆಯಲ್ಲಿ ಕೂತವರು ಪುಸ್ತಕ ಓದಿಲ್ಲ. ಕಿವಿಯಿಂದ ಕೇಳುವವರಿಗೆ ಒಂದೇ ಸಲಕ್ಕೆ ಮೂರು ನಾಲ್ಕು ಹೆಸರಿಗಿಂತ ಹೆಚ್ಚು ನೆನಪಿರುವುದಿಲ್ಲ. ಕರ್ವಾಲೊ, ಮಂದಣ್ಣ, ಕಥೆ ಹೇಳುವವರು, ಹಾರುವ ಓತಿ – ಇಷ್ಟೇ ಇರಲಿ. ಪ್ರಭಾಕರ, ಬಿರಿಯಾನಿ ಕರಿಯಪ್ಪ, ಎಂಗ್ಟ ಇವರೆಲ್ಲ ಓದುವಾಗ ಬಹಳ ಇಷ್ಟವಾಗುವವರು, ಬಿಡಲು ಮನಸ್ಸು ಬಾರದು. ಆದರೂ ಬಿಡಿ. ಅವರ ಪರಿಚಯ ಪುಸ್ತಕ ತೆರೆದವರಿಗೆ ಆಗಲಿ. ನಾಯಿಯನ್ನು ಹೇಳಲೇಬೇಕು ಎನಿಸಿದರೆ ‘ಕಿವಿ ಎಂಬ ಹೆಸರಿನ ನಾಯಿ’ ಎಂದು ಪೂರ್ತಿ ಹೇಳಿ. ಬರಿಯ ‘ಕಿವಿ’ ಎಂದರೆ ಕೇಳುವವರು ತಮ್ಮ ಕಿವಿ ಎಂದುಕೊಂಡು ಗೊಂದಲಕ್ಕೆ ಬೀಳುತ್ತಾರೆ.

ಇನ್ನೊಂದು ತಪ್ಪು ಬಹಳ ಸಾಮಾನ್ಯ. ಈ ಕಾದಂಬರಿ ‘ನಾನು’ ಎಂದು ಹೇಳಿಕೊಂಡು ಹೋಗುತ್ತದೆ. ಹೀಗೆ ಕಥೆ ಹೇಳುವ ಪಾತ್ರವನ್ನು ನಿರೂಪಕ ಎನ್ನುತ್ತಾರೆ. ನಿರೂಪಕ ಮೂಡಿಗೆರೆಯ ಕಡೆಯ ಕೃಷಿಕ, ತೇಜಸ್ವಿಯವರೂ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು. ಅದರಿಂದಾಗಿ ಮಕ್ಕಳು ‘ತೇಜಸ್ವಿಯವರು ಒಂದು ದಿನ ಮಂದಣ್ಣನನ್ನು ನೋಡಿದರು’ ಎಂದುಬಿಡುತ್ತಾರೆ. ಹಾಗೆ ಹೇಳಿದ ತಕ್ಷಣ ಕಾದಂಬರಿ ಡೈರಿಯಾಗುತ್ತದೆ. ‘ಕಥೆ ಹೇಳುವ ಕೃಷಿಕ’ ಎನ್ನಿ, ಸಾಕು.

ಕಥೆಯ ಭಾಗ ಹೀಗಿರಬಹುದು:

‘ಮೂಡಿಗೆರೆಯ ಹತ್ತಿರ ಒಬ್ಬ ಕೃಷಿಕ ಇದ್ದಾನೆ. ಜೇನಿನ ನೆಪದಲ್ಲಿ ಅವನಿಗೆ ಮಂದಣ್ಣ ಎಂಬ ಹಳ್ಳಿಯ ಹುಡುಗ ಪರಿಚಯವಾಗುತ್ತಾನೆ. ಮಂದಣ್ಣನಿಗೆ ಬೇಕಿರುವುದು ಒಂದು ನೌಕರಿ, ಒಂದು ಮದುವೆ. ಅದೇ ಊರಿನಲ್ಲಿ ಕರ್ವಾಲೊ ಎಂಬ ವಿಜ್ಞಾನಿ ಇದ್ದಾರೆ, ಅವರು ಯಾಕೋ ಈ ಮಂದಣ್ಣನನ್ನು ಬಿಟ್ಟುಕೊಡುವುದಿಲ್ಲ. ಅವನು ಪೊಲೀಸ್ ಕೇಸಿಗೆ ಸಿಕ್ಕಿಕೊಂಡಾಗಲೂ ಅವನ ಪರವಾಗಿ ನಿಲ್ಲುತ್ತಾರೆ. ಕಾರಣ ಆಮೇಲೆ ತಿಳಿಯುತ್ತದೆ: ಬಹಳ ಪುರಾತನ ಕಾಲದ ಹಾರುವ ಓತಿಯೊಂದನ್ನು ಮಂದಣ್ಣ ಕಾಡಿನಲ್ಲಿ ಕಂಡಿದ್ದಾನೆ. ಅದನ್ನು ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೊರಡುತ್ತಾರೆ.’

ಇಲ್ಲಿಗೆ ನಿಲ್ಲಿಸಿ. ಓತಿ ಸಿಕ್ಕಿತೋ ಇಲ್ಲವೋ ಎಂಬುದನ್ನು ವೇದಿಕೆಯಲ್ಲೂ ಹೇಳಬೇಡಿ, ಕೆಳಗಿಳಿದು ಬಂದ ಮೇಲೂ ಹೇಳಬೇಡಿ. ಆ ಕೊನೆಯ ಪುಟಗಳನ್ನು ಮೊದಲ ಸಲ ಓದುವ ಅವಕಾಶ ಒಬ್ಬ ಓದುಗನಿಗೆ ಒಮ್ಮೆ ಮಾತ್ರ ಸಿಗುತ್ತದೆ.

5. ಒಂದೇ ಒಂದು ಸನ್ನಿವೇಶವನ್ನು ಹತ್ತಿರದಿಂದ ತೋರಿಸಿ

ಮಂದಣ್ಣ ತನಗೆ ಗೊತ್ತಿರುವ ಕೆಲಸದಲ್ಲಿ ತೊಡಗಿರುವ ಒಂದು ಜಾಗ ಆರಿಸಿಕೊಳ್ಳಿ. ಜೇನಿನ ಪ್ರಸಂಗಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ. ಅವನ ಮಾತಿಗಿಂತ ಅವನ ಕೈ, ಕಣ್ಣು ಏನು ಮಾಡುತ್ತಿವೆ ಎಂಬುದನ್ನು ನೋಡಿ. ಪಕ್ಕದಲ್ಲಿ ನಿಂತವರ ಅಂಜಿಕೆ ಹೇಗಿದೆ ಎಂಬುದನ್ನೂ ಗಮನಿಸಿ. ಅದನ್ನು ನಿಮ್ಮ ಮಾತಿನಲ್ಲೇ ಐದಾರು ವಾಕ್ಯದಲ್ಲಿ ಹೇಳಿ. ಪುಸ್ತಕದಿಂದ ಓದುವುದಾದರೆ ಮೂರು ಸಾಲು ಮೀರಬೇಡಿ, ಪುಟಕ್ಕೆ ಮೊದಲೇ ಒಂದು ಚೀಟಿ ಇಟ್ಟುಕೊಳ್ಳಿ. ವೇದಿಕೆಯಲ್ಲಿ ಪುಟ ಹುಡುಕುವ ಹತ್ತು ಸೆಕೆಂಡು ಬಹಳ ಉದ್ದ.

ಸನ್ನಿವೇಶ ಮುಗಿದ ಕೂಡಲೇ ‘ಇದರಿಂದ ನಮಗೆ ತಿಳಿಯುವುದೇನೆಂದರೆ’ ಎಂದು ವಿವರಣೆಗೆ ಇಳಿಯಬೇಡಿ. ಒಂದು ಉಸಿರು ನಿಲ್ಲಿ. ಆಮೇಲೆ ನೇರವಾಗಿ ಪ್ರಶ್ನೆ.

6. ಪ್ರಶ್ನೆಯನ್ನು ಎರಡೂ ಕಡೆಯಿಂದ ಎತ್ತಿ ಹಿಡಿಯಿರಿ

ಈ ಭಾಗ ನಿಧಾನವಾಗಿ ಸಾಗಬೇಕು. ಒಂದು ಮಾದರಿ:

‘ಓತಿಯನ್ನು ಕಂಡವನು ಮಂದಣ್ಣ. ಅದರ ಬೆಲೆ ತಿಳಿದವರು ಕರ್ವಾಲೊ. ಹಾಗಾದರೆ ಓತಿಯ ಬಗ್ಗೆ ನಿಜವಾಗಿ ಗೊತ್ತಿರುವುದು ಯಾರಿಗೆ? ಮಂದಣ್ಣನಿಗೇ ಎನ್ನಬಹುದು. ಕಾಡಿನಲ್ಲಿ ನಡೆದವನು ಅವನು, ನೋಡಿದ ಕಣ್ಣು ಅವನದು. ಕರ್ವಾಲೊ ಎಷ್ಟೇ ಓದಿರಲಿ, ದಾರಿ ತೋರಿಸಲು ಅವರಿಗೂ ಮಂದಣ್ಣನೇ ಬೇಕು. ಆದರೆ ಇನ್ನೊಂದು ಕಡೆಯಿಂದ ನೋಡಿ. ಮಂದಣ್ಣನಿಗೆ ಅದು ಒಂದು ವಿಚಿತ್ರ ಓತಿ, ಅಷ್ಟೇ. ಅದರ ಹಿಂದೆ ಲಕ್ಷಾಂತರ ವರ್ಷಗಳ ಕಥೆ ಇದೆ ಎಂದು ಕರ್ವಾಲೊ ಹೇಳದಿದ್ದರೆ, ಅವನು ಅದನ್ನು ಮರೆತೇಬಿಡುತ್ತಿದ್ದನೇನೋ. ಕಂಡವನಿಗೆ ಹೆಸರು ಗೊತ್ತಿಲ್ಲ, ಹೆಸರು ಗೊತ್ತಿದ್ದವರಿಗೆ ಕಂಡಿಲ್ಲ.’

ಕೊನೆಯ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಇಡೀ ಭಾಷಣ ನಿಂತಿರುವುದು ಅದರ ಮೇಲೆ. ಇಲ್ಲಿ ಆಗುವ ತಪ್ಪೆಂದರೆ ಮಂದಣ್ಣನನ್ನು ಗೆಲ್ಲಿಸಲು ಹೋಗಿ ಕರ್ವಾಲೊರನ್ನು ಚಿಕ್ಕವರನ್ನಾಗಿ ಮಾಡುವುದು. ‘ಓದಿದವರಿಗಿಂತ ಓದದವರೇ ಮೇಲು’ ಎಂದು ಮುಗಿಸಿದರೆ ಚಪ್ಪಾಳೆ ಬರಬಹುದು, ಆದರೆ ಕಾದಂಬರಿ ಹಾಗೆ ಹೇಳುವುದಿಲ್ಲ. ಮಂದಣ್ಣನನ್ನು ಮೊದಲು ಗುರುತಿಸಿದವರೇ ಕರ್ವಾಲೊ.

7. ಆರಂಭ ಮತ್ತು ಮುಕ್ತಾಯವನ್ನು ಕೊನೆಗೆ ಬರೆಯಿರಿ

‘ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಪೂಜ್ಯ ಮುಖ್ಯೋಪಾಧ್ಯಾಯರೇ…’ ಎಂದು ಒಬ್ಬೊಬ್ಬರನ್ನೇ ಕರೆಯುತ್ತಾ ಹೋದರೆ ಮುಕ್ಕಾಲು ನಿಮಿಷ ಅಲ್ಲಿಗೇ ಹೋಯಿತು. ‘ಅಧ್ಯಕ್ಷರಿಗೆ, ಗುರುಗಳಿಗೆ, ಗೆಳೆಯ ಗೆಳತಿಯರಿಗೆ ನಮಸ್ಕಾರ’ ಎಂದರೆ ಗೌರವಕ್ಕೇನೂ ಕೊರತೆಯಾಗದು. ನಂತರ ನೇರ ವಿಷಯಕ್ಕೆ: ‘ಒಂದು ಓತಿಯನ್ನು ಹುಡುಕಿಕೊಂಡು ಒಬ್ಬ ದೊಡ್ಡ ವಿಜ್ಞಾನಿ ಹಳ್ಳಿಯ ಹುಡುಗನೊಬ್ಬನ ಹಿಂದೆ ಹೊರಟರೆ, ಊರು ಏನೆನ್ನುತ್ತದೆ?’ ಇದಾದ ಮೇಲೆ ಪುಸ್ತಕದ ಹೆಸರು, ಲೇಖಕರ ಹೆಸರು, ವರ್ಷ. ಲೇಖಕರ ಪರಿಚಯ ಇಷ್ಟೇ ಸಾಕು. ಅವರು ಕುವೆಂಪು ಅವರ ಮಗ ಎಂಬುದು ಎಲ್ಲರಿಗೂ ಗೊತ್ತು, ಅವರ ಉಳಿದ ಪುಸ್ತಕಗಳ ಪಟ್ಟಿ ಈ ಭಾಷಣಕ್ಕೆ ಬೇಡ.

ಮುಕ್ತಾಯದಲ್ಲಿ ‘ಇಷ್ಟು ಮಾತಾಡಲು ಅವಕಾಶ ಕೊಟ್ಟ ಎಲ್ಲರಿಗೂ ವಂದಿಸುತ್ತಾ ನನ್ನ ಎರಡು ಮಾತನ್ನು ಮುಗಿಸುತ್ತೇನೆ’ ಎಂಬ ಸಾಲು ಪ್ರಶ್ನೆಯನ್ನು ಅಳಿಸಿಹಾಕುತ್ತದೆ. ‘ಕಾಡಿನಲ್ಲಿ ಏನಾಯಿತು ಎಂದು ನಾನು ಹೇಳುವುದಿಲ್ಲ. ಪುಸ್ತಕ ನಮ್ಮ ಗ್ರಂಥಾಲಯದಲ್ಲಿದೆ. ಓದಿದ ಮೇಲೆ ಹೇಳಿ, ಗೊತ್ತಿದ್ದದ್ದು ಯಾರಿಗೆ? ಧನ್ಯವಾದ’ ಎಂದು ಇಳಿದುಬನ್ನಿ. ಪುಸ್ತಕ ನಿಜವಾಗಿ ಗ್ರಂಥಾಲಯದಲ್ಲಿದೆಯೇ ಎಂದು ಹಿಂದಿನ ದಿನ ಹೋಗಿ ನೋಡಿಕೊಂಡಿರಬೇಕು.

8. ಬರಹವನ್ನು ಬಾಯಿಗೆ ಹೊಂದಿಸಿ

ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಬಿದ್ದ ಕಡೆ ವಾಕ್ಯವನ್ನು ಎರಡಾಗಿಸಿ. ‘ಕಾದಂಬರಿಯು ವಿಕಾಸವಾದದ ಹಿನ್ನೆಲೆಯಲ್ಲಿ ಮಾನವನ ಅಸ್ತಿತ್ವದ ಶೋಧನೆಯನ್ನು ಕೈಗೊಳ್ಳುತ್ತದೆ’ ಎಂಬಂಥ ಸಾಲು ನಿಮ್ಮ ಹಾಳೆಯಲ್ಲಿದ್ದರೆ ಅದು ಎಲ್ಲಿಂದಲೋ ಬಂದದ್ದು. ಅದನ್ನು ನಿಮ್ಮ ತಂಗಿಗೆ ಹೇಗೆ ಹೇಳುತ್ತೀರೋ ಹಾಗೆ ಬದಲಿಸಿ.

ಉಚ್ಚಾರದಲ್ಲಿ ಒಂದು ಜಾಗ ಜೋಪಾನ. ಹಕಾರ ಬಿಟ್ಟು ಮಾತಾಡುವ ರೂಢಿ ನಮ್ಮಲ್ಲಿ ಹಲವರಿಗಿದೆ. ‘ಹಾರುವ ಓತಿ’ ಆಗ ‘ಆರುವ ಓತಿ’ ಆಗುತ್ತದೆ, ದೀಪ ಆರಿದ ಹಾಗೆ. ಭಾಷಣದಲ್ಲಿ ಈ ಮಾತು ಪದೇ ಪದೇ ಬರುವುದರಿಂದ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹತ್ತು ಸಲ ಹೇಳಿ ನೋಡಿ. ‘ಹಾ’ ಎಂದಾಗ ಗಾಳಿ ಅಂಗೈಗೆ ತಾಗಬೇಕು.

ಪೂರ್ತಿ ಕಂಠಪಾಠ ಬೇಡ. ಕಂಠಪಾಠ ಮಾಡಿದವರಿಗೆ ಒಂದು ಪದ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಮೊದಲ ಎರಡು ವಾಕ್ಯ, ಪ್ರಶ್ನೆ, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಗೆ ಬರಲಿ. ಉಳಿದದ್ದಕ್ಕೆ ರಟ್ಟುಗಳು: ಒಂದರಲ್ಲಿ ಆರಂಭ, ಒಂದರಲ್ಲಿ ಕಥೆ, ಒಂದರಲ್ಲಿ ಸನ್ನಿವೇಶ, ಒಂದರಲ್ಲಿ ಪ್ರಶ್ನೆ. ಪ್ರತಿಯೊಂದರಲ್ಲೂ ಐದಾರು ಪದ, ದಪ್ಪ ಅಕ್ಷರದಲ್ಲಿ. ಮೂಲೆಯಲ್ಲಿ 1, 2, 3, 4 ಎಂದು ಸಂಖ್ಯೆ ಹಾಕಿ, ಕೈ ನಡುಗಿ ಬಿದ್ದರೂ ಮತ್ತೆ ಜೋಡಿಸಬಹುದು. ಮೈಕನ್ನು ಬಾಯಿಯಿಂದ ಸುಮಾರು ಒಂದು ಗೇಣು ದೂರ ಇಡಿ.

ಮೊಬೈಲಿನಲ್ಲಿ ಸಮಯ ಇಟ್ಟು ಮೂರು ಸಲ ನಿಂತುಕೊಂಡು ಹೇಳಿ. ಮನೆಯಲ್ಲಿ ನಾಲ್ಕೂವರೆ ನಿಮಿಷಕ್ಕೆ ಮುಗಿದರೆ ಸರಿ. ಹೆಚ್ಚಾದರೆ ಕಥೆಯಿಂದ ಕಡಿಯಿರಿ, ಪ್ರಶ್ನೆಯಿಂದ ಬೇಡ.

9. ಸಭಿಕರು ಕೇಳುವುದಕ್ಕೆ ಉತ್ತರ ಇಟ್ಟುಕೊಂಡಿರಿ

ಮೊದಲು ಬರುವ ಪ್ರಶ್ನೆ: ‘ಹಾರುವ ಓತಿ ನಿಜವಾಗಿ ಇದೆಯಾ?’ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿಯೂ ಅದು ಕಾಣಸಿಗುತ್ತದೆ. ಅದರ ಪಕ್ಕೆಲುಬುಗಳು ಉದ್ದವಾಗಿದ್ದು, ಅವುಗಳ ಮೇಲೆ ಚರ್ಮದ ಪೊರೆ ಹರಡಿಕೊಳ್ಳುತ್ತದೆ. ಆ ಪೊರೆಯನ್ನು ಕೊಡೆಯ ಹಾಗೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಮುಖ್ಯವಾಗಿ ಇರುವೆಗಳನ್ನು ತಿನ್ನುತ್ತದೆ. ಕಾದಂಬರಿಯ ಓತಿಯನ್ನು ಇದರ ಜೊತೆ ಪೂರ್ತಿ ಒಂದು ಮಾಡಲು ಹೋಗಬೇಡಿ. ಅಲ್ಲಿ ಅದು ಇನ್ನೂ ಅಪರೂಪದ, ಇನ್ನೂ ಹಳೆಯ ಜೀವಿಯಾಗಿ ಬರುತ್ತದೆ.

ಎರಡನೆಯದು: ‘ಹಾಗಾದರೆ ನಿನ್ನ ಉತ್ತರ ಏನು?’ ಇದಕ್ಕೆ ‘ಎರಡೂ ಸರಿ’ ಎಂದು ಜಾರಿಕೊಳ್ಳಬೇಡಿ. ಒಂದು ಕಡೆ ನಿಲ್ಲಿ, ಯಾವ ಪುಟ ಓದಿ ಹಾಗೆ ಅನಿಸಿತು ಎಂದು ಹೇಳಿ. ನಿಮ್ಮ ಎರಡು ಸಾಲಿನ ಹಾಳೆಯನ್ನು ಮಡಚಿ ಪುಸ್ತಕದೊಳಗೇ ಇಟ್ಟುಕೊಂಡಿರಿ, ಪುಟದ ಸಂಖ್ಯೆ ಅದರಲ್ಲಿರುತ್ತದೆ.